ಪ್ರೊಬೇಷನ್‌ನಲ್ಲಿ ರಜೆ ಬೇಕಾದಾಗ ಯಾರನ್ನು, ಏನೆಂದು ಕೇಳಬೇಕು?

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿರುತ್ತದೆ. ರಜೆ ಬೇಕೇ ಬೇಕಾದ ಸಂದರ್ಭವೊಂದು ಎದುರಾಗುತ್ತದೆ. ನೇಮಕಾತಿ ಪತ್ರವನ್ನು ತೆರೆದರೆ ಅಲ್ಲಿ ಪ್ರೊಬೇಷನ್ ಅವಧಿಯ ರಜೆಯ ಬಗ್ಗೆ ಒಂದೇ ಒಂದು ಅಸ್ಪಷ್ಟ ವಾಕ್ಯವಿರುತ್ತದೆ, ಮ್ಯಾನೇಜರ್ ಜೊತೆಗಾದರೋ ಇನ್ನೂ ನಾಲ್ಕು ಮಾತು ಬಿಚ್ಚಿ ಆಡುವಷ್ಟು ಸಲುಗೆ ಬೆಳೆದಿರುವುದಿಲ್ಲ. ಇಂಥ ಸ್ಥಿತಿಯಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ‘ನಿಯಮ ಏನು’ ಎಂಬ ಪ್ರಶ್ನೆಯನ್ನೂ ‘ಹೋಗಬಹುದೇ’ ಎಂಬ ಪ್ರಶ್ನೆಯನ್ನೂ ಒಟ್ಟಿಗೆ ಸೇರಿಸಿ ಮ್ಯಾನೇಜರ್ ಮುಂದಿಡುತ್ತಾರೆ. ಮೊದಲನೆಯದಕ್ಕೆ ಉತ್ತರ ಹೇಳಬೇಕಾದುದು ಎಚ್‌ಆರ್ ವಿಭಾಗ, ಎರಡನೆಯದಕ್ಕೆ ಮ್ಯಾನೇಜರ್. ನಿಯಮ ಖಚಿತವಾಗಿ ಗೊತ್ತಿಲ್ಲದ ಮ್ಯಾನೇಜರ್, ಹೊಸಬರ ವಿಷಯದಲ್ಲಿ ತಪ್ಪು ಮಾಡುವುದಕ್ಕಿಂತ ‘ಪ್ರೊಬೇಷನ್‌ನಲ್ಲಿ ರಜೆ ಇಲ್ಲ’ ಎಂದುಬಿಡುವುದೇ ಸುರಕ್ಷಿತವೆಂದು ಭಾವಿಸುವುದು ಸಹಜ.

ಒಂದು ಉದಾಹರಣೆಯನ್ನು ಇಟ್ಟುಕೊಂಡು ನೋಡೋಣ. ಲೆಕ್ಕಪತ್ರ ವಿಭಾಗದ ಒಬ್ಬ ಉದ್ಯೋಗಿ ಜೂನ್ 1ರಂದು ಕೆಲಸಕ್ಕೆ ಸೇರಿದ್ದಾರೆ. ಪ್ರೊಬೇಷನ್ ಆರು ತಿಂಗಳು. ಸೆಪ್ಟೆಂಬರ್ 4ರಂದು ತಂಗಿಯ ಮದುವೆ. ಅವರಿಗೆ 2ರಿಂದ 5ರವರೆಗೆ ನಾಲ್ಕು ದಿನ ರಜೆ ಬೇಕು. ಈಗ ಆಗಸ್ಟ್ ಮೊದಲ ವಾರ.

ಮೊದಲು ಕಾಗದವನ್ನು ಓದಿ

ನೇಮಕಾತಿ ಪತ್ರ ಮತ್ತು ರಜೆ ನಿಯಮಾವಳಿ ಎರಡನ್ನೂ ಪದಪದವಾಗಿ ಓದಬೇಕು. ‘ಪ್ರೊಬೇಷನ್ ಅವಧಿಯಲ್ಲಿ ಸಾಮಾನ್ಯವಾಗಿ ರಜೆ ನೀಡಲಾಗುವುದಿಲ್ಲ’ ಎಂದಿದ್ದರೆ ಆ ‘ಸಾಮಾನ್ಯವಾಗಿ’ ಎಂಬ ಪದವೇ ಬಾಗಿಲನ್ನು ಅರ್ಧ ತೆರೆದಿಟ್ಟಿದೆ. ಅಂದರೆ ವಿನಾಯಿತಿ ಕೊಡುವ ಅಧಿಕಾರ ಯಾರಿಗೋ ಇದೆ. ‘ಗಳಿಕೆ ರಜೆಯನ್ನು ಕಾಯಂ ಆದ ನಂತರ ಬಳಸಬಹುದು’ ಎಂದಿದ್ದರೆ ಅದು ಗಳಿಕೆ ರಜೆಯೊಂದಕ್ಕೆ ಮಾತ್ರ ಅನ್ವಯಿಸುವ ಮಾತು, ಸಾಂದರ್ಭಿಕ ರಜೆಯ ಬಗ್ಗೆಯಾಗಲಿ ವೇತನರಹಿತ ರಜೆಯ ಬಗ್ಗೆಯಾಗಲಿ ಅದು ಏನನ್ನೂ ಹೇಳುವುದಿಲ್ಲ. ಸಂದರ್ಶನದ ಹೊತ್ತಿನಲ್ಲಿ ಈ ಮದುವೆಯ ಮಾತು ಬಂದಿದ್ದು, ಆಗ ಯಾರಾದರೂ ಇಮೇಲ್‌ನಲ್ಲಿ ಒಪ್ಪಿಕೊಂಡಿದ್ದರೆ ಅದನ್ನು ಹುಡುಕಿ ಇಟ್ಟುಕೊಳ್ಳಿ.

ರಜೆ ಪೋರ್ಟಲ್ ತೋರಿಸುವ ಅಂಕಿಯನ್ನು ಮಾತ್ರ ಅಷ್ಟಾಗಿ ನಂಬಬೇಡಿ. ನಮ್ಮ ಉದ್ಯೋಗಿಯ ಸಂಸ್ಥೆಯಲ್ಲಿ ವರ್ಷಕ್ಕೆ 18 ದಿನ, ಅಂದರೆ ತಿಂಗಳಿಗೆ ಒಂದೂವರೆ ದಿನ ರಜೆ ಜಮೆಯಾಗುತ್ತದೆ ಎಂದುಕೊಳ್ಳಿ. ಆಗಸ್ಟ್ ಮೊದಲ ವಾರದಲ್ಲಿ ಪೋರ್ಟಲ್ 3 ದಿನ ತೋರಿಸುತ್ತದೆ, ಆದರೆ ರಜೆಗೆ ಹೊರಡುವ ಹೊತ್ತಿಗೆ ಮೂರು ತಿಂಗಳು ತುಂಬಿ ಅದು ನಾಲ್ಕೂವರೆ ಆಗಿರುತ್ತದೆ. ಇನ್ನು ಕೆಲವು ಕಡೆ ಜಮೆಯಾದ ರಜೆ ಕಾಯಂ ಆಗುವವರೆಗೆ ಬಳಕೆಗೆ ಸಿಗುವುದಿಲ್ಲ. ಆದ್ದರಿಂದ ಪೋರ್ಟಲ್‌ನಲ್ಲಿ ರಜೆ ಇದೆ ಎಂದರೆ ಬಳಸಬಹುದು ಎಂದಾಗಲಿ, ಸೊನ್ನೆ ಇದೆ ಎಂದರೆ ಹೋಗುವಂತಿಲ್ಲ ಎಂದಾಗಲಿ ಅರ್ಥವಲ್ಲ.

ಎಚ್‌ಆರ್‌ಗೆ ಮೂರು ಪ್ರಶ್ನೆ

ಎಚ್‌ಆರ್ ವಿಭಾಗಕ್ಕೆ ಬರೆಯುವಾಗ ರಜೆ ಕೇಳಬೇಡಿ, ನಿಯಮವನ್ನಷ್ಟೇ ಕೇಳಿ. ಕಾರಣವನ್ನು ವಿವರಿಸುವ ಅಗತ್ಯವೂ ಇಲ್ಲ. ಹೀಗೆ ಬರೆದರೆ ಸಾಕು:

“ನಾನು ಜೂನ್ 1ರಂದು ಸೇರಿದ್ದು, ಪ್ರೊಬೇಷನ್‌ನಲ್ಲಿದ್ದೇನೆ. ಜಮೆಯಾದ ರಜೆಯನ್ನು ಈ ಅವಧಿಯಲ್ಲಿ ಬಳಸಬಹುದೇ? ಬಳಸುವಂತಿಲ್ಲವಾದರೆ ವೇತನರಹಿತ ರಜೆಗೆ ಅವಕಾಶವಿದೆಯೇ, ಇದ್ದರೆ ಒಂದು ದಿನದ ವೇತನವನ್ನು ಹೇಗೆ ಲೆಕ್ಕ ಹಾಕಲಾಗುತ್ತದೆ? ರಜೆ ತೆಗೆದುಕೊಂಡಷ್ಟು ದಿನ ಪ್ರೊಬೇಷನ್ ಮುಂದಕ್ಕೆ ಹೋಗುತ್ತದೆಯೇ?”

ಕೊನೆಯ ಪ್ರಶ್ನೆಯನ್ನು ಕೇಳಲು ಬಹಳ ಜನ ಮರೆಯುತ್ತಾರೆ. ಗೈರಾದಷ್ಟು ದಿನ ಪ್ರೊಬೇಷನ್ ವಿಸ್ತರಣೆಯಾಗುತ್ತದೆ ಎಂಬ ಷರತ್ತು ಕೆಲವು ಪತ್ರಗಳಲ್ಲಿ ಇರುತ್ತದೆ, ಮತ್ತು ಅದು ಗೊತ್ತಾಗುವುದು ಕಾಯಂ ಪತ್ರ ತಡವಾದಾಗಲೇ. ವೇತನದ ಲೆಕ್ಕವೂ ಚಿಕ್ಕ ವಿಷಯವಲ್ಲ. ಮೂರು ದಿನ ವೇತನರಹಿತ ರಜೆ ಹಾಕಿದರೆ ಎಂದುಕೊಳ್ಳಿ: ಒಂದು ದಿನದ ವೇತನಕ್ಕಾಗಿ ತಿಂಗಳ ಸಂಬಳವನ್ನು 30 ದಿನದಿಂದ ಭಾಗಿಸಿದರೆ ಸಂಬಳದಲ್ಲಿ ಹತ್ತನೆಯ ಒಂದು ಭಾಗ ಹೋಗುತ್ತದೆ. 22 ಕೆಲಸದ ದಿನಗಳಿಂದ ಭಾಗಿಸಿದರೆ ಏಳನೆಯ ಒಂದು ಭಾಗಕ್ಕೆ ಹತ್ತಿರ ಬರುತ್ತದೆ.

ಮ್ಯಾನೇಜರ್ ಜೊತೆ ಮಾತು, ಆಮೇಲೆ ಬರಹ

ಉತ್ತರ ಕೈಗೆ ಬಂದ ಮೇಲೆ ಮ್ಯಾನೇಜರ್ ಬಳಿ ಹೋಗಿ. ನಮ್ಮ ಉದ್ಯೋಗಿಗೆ, ಜಮೆಯಾದ ರಜೆಯನ್ನು ಈಗ ಬಳಸುವಂತಿಲ್ಲ, ವೇತನರಹಿತ ರಜೆಗೆ ಅವಕಾಶವಿದೆ ಎಂಬ ಉತ್ತರ ಬಂದಿದೆ ಎಂದುಕೊಳ್ಳಿ. ಪರಿಚಯ ಹೊಸದಾಗಿರುವಾಗ ಮೊದಲು ಮುಖಾಮುಖಿ ಅಥವಾ ಫೋನ್‌ನಲ್ಲಿ ಮಾತಾಡುವುದೇ ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಸ್ವಭಾವ ತಿಳಿಯದವರಿಗೆ ನೇರವಾಗಿ ಬಂದ ರಜೆ ಅರ್ಜಿ ಈಗಾಗಲೇ ಮಾಡಿಬಿಟ್ಟ ನಿರ್ಧಾರದಂತೆ ಕಾಣಿಸುತ್ತದೆ. ಹೋಗುವ ಮುನ್ನ ಆ ದಿನಗಳಲ್ಲಿ ವಿಭಾಗದ ಕೆಲಸ ಏನಿರುತ್ತದೆ ಎಂದು ನೋಡಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ತೊಡಕಿರುವುದು ಇಲ್ಲಿಯೇ: ತಿಂಗಳ ಮೊದಲ ಐದು ದಿನ ಹಿಂದಿನ ತಿಂಗಳ ಲೆಕ್ಕ ಮುಗಿಸುವ ದಿನಗಳು. ಇದನ್ನು ಮ್ಯಾನೇಜರ್ ಎತ್ತುವ ಮೊದಲು ಉದ್ಯೋಗಿಯೇ ಎತ್ತಬೇಕು.

“ಮೇಡಂ, ಸೆಪ್ಟೆಂಬರ್ 4ಕ್ಕೆ ನನ್ನ ತಂಗಿಯ ಮದುವೆ ಇದೆ. ಅದು ಆಗಸ್ಟ್ ಲೆಕ್ಕ ಮುಗಿಸುವ ವಾರ ಎಂದು ನನಗೆ ಗೊತ್ತು. 2ರಿಂದ ನಾಲ್ಕು ದಿನ ಕೇಳಬೇಕೆಂದಿದ್ದೆ. ನನ್ನ ಕೆಲಸದಲ್ಲಿ ಯಾವುದು ಮೊದಲೇ ಮುಗಿದಿರಬೇಕು, ಯಾವುದನ್ನು ಬೇರೆಯವರಿಗೆ ಒಪ್ಪಿಸಬಹುದು ಎಂದು ನೀವು ಹೇಳಿದರೆ ಅದರಂತೆ ಮಾಡುತ್ತೇನೆ.”

ಇಲ್ಲಿ ಮ್ಯಾನೇಜರ್ ಯೋಚಿಸಬೇಕಾದುದು ಕೆಲಸದ ಬಗ್ಗೆ, ನಿಯಮದ ಬಗ್ಗೆಯಲ್ಲ. ಬ್ಯಾಂಕ್ ಲೆಕ್ಕದ ತಾಳೆ 2ನೇ ತಾರೀಖಿನೊಳಗೆ ಮುಗಿಯಲೇಬೇಕೆಂದು ಅವರು ಹೇಳಿದರೆ, ಉದ್ಯೋಗಿ 2ರಂದು ಕೆಲಸಕ್ಕೆ ಬಂದು 3ರಿಂದ 5ರವರೆಗೆ ಮೂರು ದಿನ ಹೋಗಬಹುದು. ನಿಯಮದ ಪ್ರಶ್ನೆ ಬಂದಾಗ ಎಚ್‌ಆರ್ ಉತ್ತರವನ್ನು ತೋರಿಸಿದರಾಯಿತು. ‘ಹೋದ ತಿಂಗಳು ಅವರಿಗೆ ಕೊಟ್ಟಿದ್ದರಲ್ಲ’ ಎಂದು ಸಹೋದ್ಯೋಗಿಯ ಹೆಸರನ್ನು ಎಳೆಯುವುದು ಬೇಡ, ಅವರ ರಜೆಯ ಹಿನ್ನೆಲೆ ನಿಮಗೆ ತಿಳಿದಿರುವುದಿಲ್ಲ.

ಬಾಯಿಮಾತಿನ ಒಪ್ಪಿಗೆ ಸಿಕ್ಕ ದಿನವೇ ಬರಹದಲ್ಲಿ ದಾಖಲಿಸಿ: “ಇಂದು ಮಾತಾಡಿದಂತೆ ಸೆಪ್ಟೆಂಬರ್ 3, 4, 5ರಂದು ರಜೆಯಲ್ಲಿರುತ್ತೇನೆ. ಬ್ಯಾಂಕ್ ತಾಳೆಯನ್ನು 2ರಂದು ಮುಗಿಸಿ ಕಳಿಸುತ್ತೇನೆ. ಎಚ್‌ಆರ್ ತಿಳಿಸಿದಂತೆ ಈ ಮೂರು ದಿನ ವೇತನರಹಿತವಾಗಿರುತ್ತವೆ.” ಇದಾದ ಮೇಲೆ ಪೋರ್ಟಲ್‌ನಲ್ಲಿಯೂ ಅರ್ಜಿ ಹಾಕಬೇಕು. ಅಲ್ಲಿ ಒಪ್ಪಿಗೆ ಕಾಣಿಸುವವರೆಗೆ ರದ್ದು ಮಾಡಲಾಗದ ಟಿಕೆಟ್ ಕಾದಿರಿಸದಿರುವುದು ಲೇಸು.

ಉತ್ತರ ಬಾರದಿದ್ದರೆ, ಇಲ್ಲವೆಂದರೆ

ಮೌನವನ್ನು ಒಪ್ಪಿಗೆ ಎಂದು ಭಾವಿಸಬೇಡಿ. ಮೂರು ಕೆಲಸದ ದಿನ ಕಾದು, ‘ಈ ವಾರದೊಳಗೆ ತಿಳಿಸಿದರೆ ಪ್ರಯಾಣದ ಏರ್ಪಾಡು ಮಾಡಿಕೊಳ್ಳಲು ಅನುಕೂಲ’ ಎಂದು ಒಮ್ಮೆ ನೆನಪಿಸಿ. ಬೇಡವೆಂದರೆ, ಬೇಡವಾದದ್ದು ಆ ತಾರೀಖುಗಳೋ, ದಿನಗಳ ಸಂಖ್ಯೆಯೋ, ರಜೆಯೋ ಎಂದು ವಿನಯದಿಂದ ಕೇಳಿ ತಿಳಿದುಕೊಳ್ಳಿ. ಮೊದಲೆರಡಾಗಿದ್ದರೆ ಮದುವೆಯ ದಿನ ಮತ್ತು ಅದರ ಹಿಂದಿನ ದಿನವನ್ನಾದರೂ ಕೇಳಬಹುದು. ಎಚ್‌ಆರ್ ಅವಕಾಶವಿದೆ ಎಂದು ಬರೆದಿದ್ದರೂ ಮ್ಯಾನೇಜರ್ ನಿಯಮವನ್ನೇ ಮುಂದೊಡ್ಡಿದರೆ, ಎಚ್‌ಆರ್‌ನವರನ್ನೂ ಸೇರಿಸಿಕೊಂಡು ಮೂವರೂ ಒಮ್ಮೆ ಮಾತಾಡಬಹುದೇ ಎಂದು ಮ್ಯಾನೇಜರ್‌ಗೇ ಮೊದಲು ಹೇಳಿ. ಅವರಿಗೆ ತಿಳಿಸದೆ ಮೇಲಿನವರ ಬಳಿ ಹೋದರೆ ರಜೆ ಸಿಕ್ಕರೂ ಸಂಬಂಧ ಕೆಡುತ್ತದೆ.

ದಿಢೀರ್ ಕಾಯಿಲೆ, ಸಾವು ಮೊದಲಾದ ತುರ್ತು ಸಂದರ್ಭಗಳಲ್ಲಿ ಈ ಕ್ರಮವನ್ನು ಪಾಲಿಸುವ ಅಗತ್ಯವಿಲ್ಲ. ಕೆಲಸದ ವೇಳೆ ಆರಂಭವಾಗುವ ಮೊದಲು ಮ್ಯಾನೇಜರ್‌ಗೆ ಫೋನ್ ಮಾಡಿ, ಅದನ್ನೇ ಸಂದೇಶವಾಗಿಯೂ ಕಳಿಸಿ. ನಿಯಮದ ಪ್ರಶ್ನೆಗಳನ್ನು ಮರಳಿ ಬಂದ ಮೇಲೆ ಕೇಳಬಹುದು.

ರಜೆ ಮುಗಿಸಿ ಬಂದವರು ಆ ತಿಂಗಳ ವೇತನ ಚೀಟಿಯನ್ನು ನೋಡಲೇಬೇಕು. ಮೂರು ದಿನ ‘ವೇತನರಹಿತ ರಜೆ’ ಎಂದೇ ನಮೂದಾಗಿದೆಯೇ ಅಥವಾ ‘ಅನುಮತಿಯಿಲ್ಲದ ಗೈರು’ ಎಂದಾಗಿದೆಯೇ ಎಂದು ಪರಿಶೀಲಿಸಿ. ಕಡಿತವಾದ ಹಣ ಎರಡೂ ಕಡೆ ಒಂದೇ ಇರಬಹುದು, ಆದರೆ ಕಾಯಂ ಮಾಡುವ ಹೊತ್ತಿಗೆ ಹಾಜರಾತಿಯನ್ನು ನೋಡುವವರಿಗೆ ಎರಡನೆಯದು ಬೇರೆಯೇ ಕಥೆ ಹೇಳುತ್ತದೆ. ತಪ್ಪಾಗಿದ್ದರೆ ಮ್ಯಾನೇಜರ್‌ಗೆ ಅಂದು ಬರೆದ ಸಂದೇಶವನ್ನೂ ಎಚ್‌ಆರ್ ಉತ್ತರವನ್ನೂ ಲಗತ್ತಿಸಿ, ಅದೇ ತಿಂಗಳಲ್ಲಿ ತಿದ್ದಿಸಿಕೊಳ್ಳಿ.