60,000 ಸಾಲುಗಳಲ್ಲಿ ನಿಜವಾಗಿ ಎಷ್ಟು ಬೆಳೆಗಾರರು? ಯೂನಿಯನ್ ಫೈಂಡ್ ಬಳಸಿದ ನನ್ನ ಅನುಭವ

ಚಿಕ್ಕಮಗಳೂರಿನ ಒಂದು ಬೆಳೆಗಾರರ ಸಂಘದ ಸಾಫ್ಟ್‌ವೇರ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ಅವರ ಹತ್ತಿರ ಮೂರು ಪಟ್ಟಿಗಳಿದ್ದವು. ಕಾಫಿ ಖರೀದಿಯದ್ದೊಂದು, ಮೆಣಸಿನದ್ದೊಂದು, ಗೊಬ್ಬರ ಕೊಟ್ಟಿದ್ದೊಂದು. ಎಲ್ಲ ಸೇರಿ ಸುಮಾರು 60,000 ಸಾಲು. ಒಬ್ಬರೇ ಬೆಳೆಗಾರರ ಹೆಸರು ಒಂದು ಕಡೆ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಒಂದು ಪಟ್ಟಿಯಲ್ಲಿ ಊರು ಆಲ್ದೂರು, ಇನ್ನೊಂದರಲ್ಲಿ ಪಕ್ಕದ ಹಳ್ಳಿ. ಹಾಗಾಗಿ ಹೆಸರನ್ನು ನಂಬಿ ಲೆಕ್ಕ ಹಾಕುವ ಹಾಗಿರಲಿಲ್ಲ.

ಫೋನ್ ನಂಬರ್ ಒಂದೇ ಇದ್ದರೆ, ಇಲ್ಲವೇ ಬ್ಯಾಂಕ್ ಖಾತೆ ಒಂದೇ ಇದ್ದರೆ ಅವರು ಒಬ್ಬರೇ ಅಂತ ಇಟ್ಟುಕೊಂಡೆವು. ತಮಾಷೆ ಇರೋದು ಇಲ್ಲೇ. 1ನೇ ಸಾಲಿಗೂ 2ನೇ ಸಾಲಿಗೂ ಫೋನ್ ಒಂದೇ. 2ಕ್ಕೂ 3ಕ್ಕೂ ಖಾತೆ ಒಂದೇ. ಆಗ 1 ಮತ್ತು 3ರ ಮಧ್ಯೆ ಹೊಂದುವಂಥದ್ದು ಏನೂ ಇಲ್ಲದಿದ್ದರೂ ಅವು ಒಬ್ಬರದ್ದೇ ಸಾಲುಗಳು. ಅಂದರೆ ಜೋಡಿಗಳನ್ನು ಹುಡುಕಿದರೆ ಸಾಲದು, ಜೋಡಿಗಳು ಒಂದಕ್ಕೊಂದು ಕೂಡಿ ಆಗುವ ಗುಂಪುಗಳು ಬೇಕು. ಯೂನಿಯನ್ ಫೈಂಡ್ ಇರುವುದೇ ಇದಕ್ಕೆ. 1964ರಲ್ಲಿ ಗ್ಯಾಲರ್ ಮತ್ತು ಫಿಷರ್ ಕೊಟ್ಟ ಉಪಾಯ ಇದು.

ಒಂದೇ ಒಂದು ಅರೇ ಸಾಕು. ಪ್ರತಿ ಸಾಲೂ ಇನ್ನೊಂದು ಸಾಲಿನ ಕಡೆ ಕೈ ತೋರಿಸುತ್ತದೆ, ಅದು ಅದರ ಪೇರೆಂಟ್. ಯಾವುದು ತನ್ನನ್ನೇ ತೋರಿಸಿಕೊಳ್ಳುತ್ತದೋ ಅದು ಆ ಗುಂಪಿನ ರೂಟ್. ಎರಡು ಸಾಲು ಒಂದೇ ಗುಂಪಾ ಅಂತ ತಿಳಿಯಲು ಎರಡರಿಂದಲೂ ಮೇಲೆ ಹತ್ತಿ ರೂಟ್ ನೋಡುವುದು. ರೂಟ್ ಒಂದೇ ಆದರೆ ಗುಂಪೂ ಒಂದೇ. ಗುಂಪು ಸೇರಿಸುವುದು ಅಂದರೆ ಒಂದು ರೂಟನ್ನು ಇನ್ನೊಂದರ ಕೆಳಗೆ ಹಾಕುವುದು, ಅಷ್ಟೇ. ಸಾವಿರ ಸಾಲಿನ ಗುಂಪನ್ನು ಸೇರಿಸುವಾಗಲೂ ಅರೇಯಲ್ಲಿ ಬದಲಾಗಬೇಕಾದದ್ದು ಒಂದೇ ಮನೆ.

ಸೇರಿಸುವುದು ಇಷ್ಟು ಅಗ್ಗ ಆದಾಗ ಖರ್ಚು ಹತ್ತುವ ಕಡೆಗೆ ಹೋಗುತ್ತದೆ. ನಮ್ಮ ಪಟ್ಟಿಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು. ಒಂದು ಫೋನ್ ನಂಬರ್ ಸುಮಾರು 4,000 ಸಾಲುಗಳಲ್ಲಿತ್ತು. ಆ ನಂಬರಿನ ಮೊದಲ ಸಾಲನ್ನು ಉಳಿದ ಒಂದೊಂದರ ಜೊತೆಗೂ ಜೋಡಿ ಮಾಡುವ ಹಾಗೆ ಕೋಡ್ ಬರೆದಿದ್ದೆ: (1,2), (1,3), (1,4), ಹೀಗೆ. ಮುಂದೆ ಹೇಳಲಿರುವ ಪಾತ್ ಕಂಪ್ರೆಶನ್ ಅನ್ನುವ ಉಪಾಯವನ್ನು ತೆಗೆದು, ಮೊದಲನೆಯದರ ರೂಟನ್ನು ಯಾವಾಗಲೂ ಎರಡನೆಯದರ ಕೆಳಗೆ ಹಾಕಿದರೆ ಏನಾಗುತ್ತದೆ, ಕೈಯಲ್ಲೇ ಬರೆದು ನೋಡಿ. (1,2) ಬಂದಾಗ 1ರ ಪೇರೆಂಟ್ 2. (1,3) ಬಂದಾಗ 1ರಿಂದ ಹತ್ತಿದರೆ ರೂಟ್ 2, ಅದು 3ರ ಕೆಳಗೆ ಹೋಗುತ್ತದೆ. (1,4) ಬಂದಾಗ 1ರಿಂದ 2, 2ರಿಂದ 3, ಆಮೇಲೆ 3 ಹೋಗಿ 4ರ ಕೆಳಗೆ. ಪ್ರತಿ ಜೋಡಿಗೂ ಸರಪಳಿ ಒಂದು ಕೊಂಡಿ ಉದ್ದ ಆಗುತ್ತದೆ, ಪ್ರತಿ ಸಲವೂ ಕೆಳಗಿನ ತುದಿಯಿಂದಲೇ ಹತ್ತಬೇಕು. 4,000 ಸಾಲಿಗೆ ಹೆಚ್ಚೂಕಡಿಮೆ 80 ಲಕ್ಷ ಹೆಜ್ಜೆ. ಸಾಲು ಹತ್ತರಷ್ಟಾದರೆ ಹೆಜ್ಜೆ 80 ಕೋಟಿ.

ಪಾತ್ ಕಂಪ್ರೆಶನ್ ಮಾಡುವುದು ಇಷ್ಟೇ: ಹೇಗೂ ರೂಟ್ ತನಕ ಹತ್ತಿದ್ದೀವಿ, ದಾರಿಯಲ್ಲಿ ಸಿಕ್ಕ ಎಲ್ಲರನ್ನೂ ನೇರ ರೂಟಿಗೇ ತಿರುಗಿಸಿಬಿಡೋಣ. ಮೇಲಿನ ಉದಾಹರಣೆಯಲ್ಲಿ (1,4) ಬಂದಾಗ 1ರಿಂದ 2, 2ರಿಂದ 3 ಅಂತ ಹೋದ ಮೇಲೆ 1 ನೇರ 3ನ್ನು ತೋರಿಸುತ್ತದೆ. (1,5) ಬಂದಾಗ 1ರಿಂದ 3, 3ರಿಂದ 4, ಎರಡೇ ಹೆಜ್ಜೆ. ಇನ್ನು ಎಷ್ಟೇ ಜೋಡಿ ಬರಲಿ, 1ಕ್ಕೆ ಎರಡು ಹೆಜ್ಜೆಗಿಂತ ಜಾಸ್ತಿ ಆಗುವುದಿಲ್ಲ. 80 ಲಕ್ಷ ಇದ್ದದ್ದು 8,000ದ ಆಸುಪಾಸಿಗೆ ಇಳಿಯಿತು.

```python
parent = list(range(n))
size = [1] * n

def find(x):
    root = x
    while parent[root] != root:
        root = parent[root]
    while parent[x] != root:
        nxt = parent[x]
        parent[x] = root
        x = nxt
    return root

def union(a, b):
    a, b = find(a), find(b)
    if a == b:
        return
    if size[a] < size[b]:
        a, b = b, a
    parent[b] = a
    size[a] += size[b]
```

`find` ಅನ್ನು ರಿಕರ್ಶನ್‌ನಲ್ಲಿ ಎರಡು ಸಾಲಿಗೆ ಮುಗಿಸಬಹುದು, ನೋಡಲು ಚಂದ. ಆದರೆ ಪೈಥಾನ್‌ನಲ್ಲಿ ರಿಕರ್ಶನ್ ಮಿತಿ ಸಾಮಾನ್ಯವಾಗಿ 1000. `size` ಇಲ್ಲದೆ ಬರೆದು, ಉದ್ದ ಸರಪಳಿ ಎದುರಾದರೆ `RecursionError` ಬಂದು ನಿಲ್ಲುತ್ತದೆ. ಅದಕ್ಕೇ ನಾನು ಎರಡು ಲೂಪ್ ಬರೆದೆ: ಒಂದು ರೂಟ್ ಹುಡುಕಲು, ಇನ್ನೊಂದು ದಾರಿಯವರನ್ನು ತಿರುಗಿಸಲು.

ಈಗ ವೇಗದ ಗುಟ್ಟು. `size` ನೋಡಿ ಚಿಕ್ಕ ಗುಂಪನ್ನೇ ದೊಡ್ಡದರ ಕೆಳಗೆ ಹಾಕುತ್ತೇವೆ. ಹಾಗಾಗಿ ಒಂದು ಸಾಲು ಒಂದು ಮೆಟ್ಟಿಲು ಕೆಳಗಿಳಿದಾಗಲೆಲ್ಲ ಅದರ ಗುಂಪು ಎರಡರಷ್ಟಾದರೂ ದೊಡ್ಡದಾಗಿರುತ್ತದೆ. 2ನ್ನು 16 ಸಲ ಗುಣಿಸಿದರೆ 65,536, ಅದು ನಮ್ಮ 60,000ವನ್ನು ದಾಟುತ್ತದೆ. ಹಾಗಾಗಿ 15 ಮೆಟ್ಟಿಲಿಗಿಂತ ಆಳ ಹೋಗಲು ಸಾಧ್ಯವೇ ಇಲ್ಲ. ಇದು ಕಂಪ್ರೆಶನ್ ಇಲ್ಲದೆಯೇ ಸಿಗುವ ಲಾಭ.

ಕಂಪ್ರೆಶನ್ ಸೇರಿದರೆ ಇದೇ ಲೆಕ್ಕ ಇನ್ನೊಂದು ರೀತಿ ಕೆಲಸಕ್ಕೆ ಬರುತ್ತದೆ. ಒಂದು ಸಾಲನ್ನು ಹಳೆಯ ಪೇರೆಂಟ್‌ನಿಂದ ಹೊಸ ರೂಟಿಗೆ ತಿರುಗಿಸಿದೆವು ಅಂದುಕೊಳ್ಳಿ. ಹಳೆಯ ಪೇರೆಂಟ್ ಒಮ್ಮೆ ರೂಟ್ ಆಗಿತ್ತು, ಆಮೇಲೆ ತನ್ನಷ್ಟೇ ದೊಡ್ಡ ಅಥವಾ ತನಗಿಂತ ದೊಡ್ಡ ಗುಂಪಿನ ಕೆಳಗೆ ಹೋಯಿತು. ಹಾಗಾಗಿ ಹೊಸ ರೂಟಿನ ಗುಂಪು, ಹಳೆಯದು ರೂಟ್ ಆಗಿದ್ದಾಗಿನ ಗುಂಪಿನ ಎರಡರಷ್ಟಾದರೂ ಇರಲೇಬೇಕು. ಪ್ರತಿ ತಿರುವಿಗೂ ಎರಡರಷ್ಟು ಅಂದ ಮೇಲೆ, ಯಾವ ಸಾಲನ್ನೂ 15 ಸಲಕ್ಕಿಂತ ಜಾಸ್ತಿ ತಿರುಗಿಸಲಾಗದು. ನೀವು ಒಂದು ಕೋಟಿ ಸಲ `find` ಕರೆಯಿರಿ, ತಿರುಗಿಸುವ ಕೆಲಸ ಒಟ್ಟು 9 ಲಕ್ಷ ದಾಟುವುದಿಲ್ಲ. ಉಳಿದ ಕರೆಗಳೆಲ್ಲ ಒಂದೆರಡು ಹೆಜ್ಜೆಯಲ್ಲಿ ಮುಗಿಯುತ್ತವೆ. ಉದ್ದ ದಾರಿಯನ್ನು ಒಮ್ಮೆ ಹತ್ತಿದರೆ ಆ ದಾರಿಯೇ ಮಾಯ ಆಗುತ್ತದೆ ಅಲ್ವಾ, ಅದರ ಖರ್ಚು ಮತ್ತೆ ಬರುವುದಿಲ್ಲ.

ಇದು ನಾನು ಹಾಕಿದ ದಪ್ಪ ಲೆಕ್ಕ. 1975ರಲ್ಲಿ ಕಂಪ್ಯೂಟರ್ ವಿಜ್ಞಾನಿ ರಾಬರ್ಟ್ ಟಾರ್ಜನ್ ಇದನ್ನು ಇನ್ನೂ ಬಿಗಿಯಾಗಿ ಲೆಕ್ಕ ಹಾಕಿ, ಸರಾಸರಿ ಖರ್ಚು ಅಕರ್ಮನ್ ಫಂಕ್ಷನ್‌ನ ವಿಲೋಮದಷ್ಟು ಮಾತ್ರ ಅಂತ ತೋರಿಸಿದರು. ಅದು ಎಷ್ಟು ನಿಧಾನ ಬೆಳೆಯುತ್ತದೆ ಅಂದರೆ, ನಾವು ಕಂಪ್ಯೂಟರಿಗೆ ಹಾಕಬಹುದಾದ ಯಾವ ಪಟ್ಟಿಗೂ 4 ದಾಟುವುದಿಲ್ಲ. ಆದರೂ ಗಣಿತದ ಪ್ರಕಾರ ಅದು ಬೆಳೆಯುತ್ತಲೇ ಇರುತ್ತದೆ, ಅದಕ್ಕೇ 'ಹೆಚ್ಚೂಕಡಿಮೆ' ಸ್ಥಿರ ಸಮಯ ಅನ್ನುವುದು. ಇನ್ನೊಂದು ಮಾತು: ಇದು ಸರಾಸರಿ. ಯಾವುದೋ ಒಂದು `find` 15 ಮೆಟ್ಟಿಲು ಹತ್ತಲೂಬಹುದು.

ಮತ್ತೆ ಆ 4,000 ಸಾಲಿನ ಫೋನ್ ನಂಬರಿಗೆ ಬರೋಣ. ಕೋಡ್ ಚಕ್ಕಂತ ಮುಗಿಯಿತು, ಗುಂಪುಗಳೂ ಬಂದವು. ನಾನು ಯಾವಾಗಲೂ ಮೊದಲು ನೋಡುವುದು ಎಲ್ಲಕ್ಕಿಂತ ದೊಡ್ಡ `size`. ಒಬ್ಬ ಬೆಳೆಗಾರರಿಗೆ ಹತ್ತಿಪ್ಪತ್ತು ಸಾಲು ಇರಬಹುದು, 4,000 ಹೇಗೆ ಸಾಧ್ಯ? ಸಂಘದ ಗುಮಾಸ್ತರನ್ನು ಕೇಳಿದೆ. ಅವರು ನಂಬರ್ ನೋಡಿದ ಕೂಡಲೇ ನಕ್ಕರು. "ಇದು ಪಿಕಪ್ ಗಾಡಿಯವರದ್ದು ಸಾರ್. ಮೂಟೆ ತಂದು ಹಾಕೋರು ಅವರೇ. ತೋಟದವರು ಇವರ ನಂಬರೇ ಬರೆಸಿಬಿಡ್ತಾರೆ."

ಯೂನಿಯನ್ ಫೈಂಡ್‌ಗೆ ಸೇರಿಸುವುದು ಮಾತ್ರ ಗೊತ್ತು, ಬಿಡಿಸುವುದು ಗೊತ್ತಿಲ್ಲ. ಕಂಪ್ರೆಶನ್ ಆದ ಮೇಲಂತೂ ಯಾರು ಯಾವ ಜೋಡಿಯಿಂದ ಒಳಗೆ ಬಂದರು ಅನ್ನುವ ಗುರುತೇ ಅರೇಯಲ್ಲಿ ಉಳಿಯುವುದಿಲ್ಲ. ಹಾಗಾಗಿ ಜೋಡಿಗಳ ಪಟ್ಟಿಯನ್ನು, ಯಾವ ಕಾರಣಕ್ಕೆ ಜೋಡಿಯಾದವು ಅನ್ನುವುದರ ಸಮೇತ, ಬೇರೆ ಫೈಲಿನಲ್ಲಿ ಇಟ್ಟುಕೊಳ್ಳುತ್ತೇನೆ. ಗುಮಾಸ್ತರು ಹೇಳಿದ ಇಂಥ ನಂಬರುಗಳನ್ನು ಅದರಿಂದ ತೆಗೆದು, `parent` ಮತ್ತು `size` ಎರಡನ್ನೂ ಮೊದಲಿನಿಂದ ಕಟ್ಟಿದೆ. ಬಿಡಿಸುವ ಹೊಸ ಉಪಾಯ ಹುಡುಕುವುದಕ್ಕಿಂತ ಅದೇ ಸುಲಭ, 60,000 ಸಾಲಿಗೆ ಮತ್ತೆ ಓಡಿಸುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆಮೇಲೆ ಉಳಿದ ದೊಡ್ಡ ಗುಂಪುಗಳನ್ನು ಮೇಲಿನಿಂದ ಒಂದೊಂದಾಗಿ ಗುಮಾಸ್ತರ ಮುಂದಿಟ್ಟು ನೋಡುತ್ತಾ ಬಂದೆವು. ಅದಕ್ಕೆ ಮಾತ್ರ ಯಾವ ಕಂಪ್ರೆಶನ್ನೂ ಇಲ್ಲ.