ಒಲೆ ಮುಂದೆ ನಿಲ್ಲುವವನ ಹಿಮ್ಮಡಿ ನೋವು

ಹೋದ ವೈಶಾಖದಲ್ಲಿ ಹನ್ನೊಂದು ಮದುವೆ ಅಡುಗೆ ಮಾಡಿದೆ. ಒಂದನ್ನೂ ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಅದರ ಹಿಂದಿನ ವೈಶಾಖದಲ್ಲಿ ಆರು ಮಾಡುವಷ್ಟರಲ್ಲಿ ಬಲಗಾಲು ಕೈಕೊಟ್ಟಿತ್ತು. "ಭಟ್ರು ಇನ್ನು ಕೂತು ಲೆಕ್ಕ ಬರೆಯೋದೇ ಸರಿ" ಅಂತ ನಮ್ಮ ಹುಡುಗರೇ ಮಾತಾಡಿಕೊಂಡಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೋವು ಹೇಗಿರುತ್ತದೆ ಅಂತ ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿಯ ಒಳಬದಿಗೆ ಚೂರಿ ಹಾಕಿದ ಹಾಗೆ. ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಿದರೆ ಸ್ವಲ್ಪ ಕಡಿಮೆ. ಒಲೆ ಹಚ್ಚುವ ಹೊತ್ತಿಗೆ ಮರೆತೇ ಹೋಗಿರುತ್ತದೆ. ಬಡಿಸಿ ಮುಗಿಸಿ ಅರ್ಧ ಗಂಟೆ ಕೂತು ಎದ್ದರೆ ಮತ್ತೆ ಅದೇ ಚೂರಿ.

ನಮ್ಮ ಕೆಲಸದಲ್ಲಿ ಇನ್ನೊಂದು ತೊಂದರೆ ಇದೆ. ಮಡಿ ಅಡುಗೆ ಅಂದರೆ ಚಪ್ಪಲಿ ಇಲ್ಲ. ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಹನ್ನೆರಡು ಗಂಟೆ. "ಮೆತ್ತನೆ ಶೂ ಹಾಕಿ" ಅಂತ ಎಲ್ಲರೂ ಹೇಳುತ್ತಾರೆ, ಮಠದ ಅಡುಗೆಮನೆಗೆ ಶೂ ಹಾಕಿಕೊಂಡು ಹೋಗೋದು ಹೇಗೆ?

ಮೊದಲು ದುಡ್ಡು ಕಳೆದ ಕಥೆ. ಎಕ್ಸ್‌ರೇ ತೆಗೆಸಿದೆ, ಡಾಕ್ಟರ್ ಫೀಸು ಸೇರಿ ಒಂಬೈನೂರು ಚಿಲ್ಲರೆ. ಹಿಮ್ಮಡಿಯಲ್ಲಿ ಸಣ್ಣ ಮೂಳೆ ಬೆಳೆದಿದೆ ಅಂದರು. ಎರಡು ವಾರ ಮುಳ್ಳು ಚುಚ್ಚುತ್ತಿದೆ ಅಂತಲೇ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು, ನೋವೇ ಇಲ್ಲದ ಎಷ್ಟೋ ಜನರ ಕಾಲಲ್ಲೂ ಆ ಮೂಳೆ ಇರುತ್ತದೆ. ನನಗೆ ನೋವು ಹೋದ ಮೇಲೂ ಮೂಳೆ ಅಲ್ಲೇ ಇದೆ, ಅಲ್ವಾ? ಮಾತ್ರೆಗೆ ಆರುನೂರು. ಎಣ್ಣೆಗಳಿಗೆ ಸಾವಿರದ ಇನ್ನೂರರ ಹತ್ತಿರ. ಸಿಲಿಕಾನ್ ಹಿಮ್ಮಡಿ ಪ್ಯಾಡಿಗೆ ಮುನ್ನೂರೈವತ್ತು, ಎಂಸಿಆರ್ ಅನ್ನೋ ಮೆತ್ತನೆ ರಬ್ಬರ್ ಚಪ್ಪಲಿಗೆ ಐನೂರು. ಇಷ್ಟರಲ್ಲಿ ಚಪ್ಪಲಿ ಒಂದೇ ದುಡ್ಡಿಗೆ ಬೆಲೆ ಕೊಟ್ಟಿದ್ದು. ಮನೆಯೊಳಗೆ ಈಗಲೂ ಅದನ್ನೇ ಹಾಕುತ್ತೇನೆ.

ಆಷಾಢ ಬಂತು, ಮದುವೆ ಇಲ್ಲ. ಪೂರ್ತಿ ವಿಶ್ರಾಂತಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಬೆಳಗ್ಗೆ ಮೊದಲ ಹೆಜ್ಜೆಗೆ ಹತ್ತರಲ್ಲಿ ಎಷ್ಟು ನೋವು ಅಂತ ಬರೆಯೋಕೆ ಶುರು ಮಾಡಿದ್ದೆ. ಎಂಟಿದ್ದದ್ದು ಮೂರಕ್ಕೆ ಇಳಿಯಿತು. ಗೆದ್ದೆ ಅಂದುಕೊಂಡೆ. ಶ್ರಾವಣದಲ್ಲಿ ಎರಡು ಗೃಹಪ್ರವೇಶ ಮುಗಿಸಿದ ಮಾರನೇ ದಿನ ಮತ್ತೆ ಎಂಟು. ಸುಮ್ನೆ ಮಲಗಿದರೆ ನೋವು ಮಲಗುತ್ತದೆ, ಕಾಲಿಗೆ ಶಕ್ತಿ ಬರೋದಿಲ್ಲ. ಇದು ಅರ್ಥವಾಗೋಕೆ ನನಗೆ ಇನ್ನೂ ನಾಲ್ಕು ತಿಂಗಳು ಬೇಕಾಯಿತು.

ನಡುವೆ ಎಕ್ಕದ ಎಲೆ. ಇಟ್ಟಿಗೆ ಕಾಯಿಸಿ, ಮೇಲೆ ಎಲೆ ಹಾಸಿ, ಹಿಮ್ಮಡಿ ಊರೋದು. ಹಿತವಾಗಿತ್ತು, ಸುಳ್ಳು ಹೇಳೋದಿಲ್ಲ. ಆದರೆ ಆ ಹಿತ ಸಂಜೆಗಷ್ಟೇ. ಬೆಳಗಿನ ಅಂಕಿ ಒಂದು ಚೂರೂ ಅಲುಗಲಿಲ್ಲ. ಇದನ್ನು ನೋಡಿ ನಮ್ಮ ಜೊತೆ ಸಾರು ಮಾಡುವವರೊಬ್ಬರು ತಾವೂ ಮಾಡಿದರು. ಅವರಿಗೆ ಸಕ್ಕರೆ ಕಾಯಿಲೆ, ಅಂಗಾಲಿಗೆ ಬಿಸಿ ಗೊತ್ತಾಗೋದಿಲ್ಲ. ಬೊಬ್ಬೆ ಎದ್ದು ತಿಂಗಳು ಮಲಗಿದರು. ಶುಗರ್ ಇರುವವರು ಇಟ್ಟಿಗೆ ಹತ್ತಿರ ಹೋಗಲೇಬೇಡಿ.

ಕಾರ್ತಿಕದಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ಸಾವಿರದ ಐನೂರು ಆಯಿತು. ಮೂರು ವಾರ ಸ್ವರ್ಗ. ನಾಲ್ಕನೇ ವಾರ ನೋವು ವಾಪಸ್ ಬಂತು. ಇನ್ನೊಂದು ಹಾಕಿ ಅಂದರೆ ಡಾಕ್ಟರೇ ಒಪ್ಪಲಿಲ್ಲ. ಮತ್ತೆ ಮತ್ತೆ ಹಾಕಿದರೆ ಹಿಮ್ಮಡಿಯ ಮೆತ್ತೆ ಕರಗುತ್ತದೆ, ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನ ಒಳಗಿರುವ ಗಟ್ಟಿ ಪಟ್ಟಿ ಹರಿಯಲೂಬಹುದು ಅಂದರು. ಅವರೇ ಒಬ್ಬ ಫಿಸಿಯೋ ಹತ್ತಿರ ಕಳಿಸಿದರು. ಆ ಹೆಣ್ಣುಮಗಳಿಗೆ ನನ್ನ ಮಗಳ ವಯಸ್ಸು. ಎರಡು ಸಲ ಹೋದೆ, ಒಂದು ಸಲಕ್ಕೆ ನಾನೂರು. ಚಪ್ಪಲಿ ಬಿಟ್ಟರೆ ಇಡೀ ಖರ್ಚಿನಲ್ಲಿ ಕೆಲಸಕ್ಕೆ ಬಂದದ್ದು ಆ ಎಂಟುನೂರು.

ಅವರು ನನ್ನ ಕಾಲನ್ನು ಗೋಡೆಗೆ ಎದುರಾಗಿ ಇಡಿಸಿದರು. ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗಿಸಬೇಕು, ಹೆಬ್ಬೆರಳನ್ನು ಎಷ್ಟು ದೂರ ಇಡಬಹುದು ನೋಡಬೇಕು. ಎಡಗಾಲು ಐದು ಬೆರಳು, ಬಲಗಾಲು ಎರಡೂವರೆ. "ಅಂಕಲ್, ನಿಮ್ಮ ಮೀನಖಂಡ ಬಿಗಿದುಕೊಂಡಿದೆ. ಕಾಲು ಮಡಿಯೋದಿಲ್ಲ, ಆ ಭಾರವನ್ನೆಲ್ಲ ಅಂಗಾಲಿನ ಪಟ್ಟಿ ಹೊರುತ್ತಿದೆ" ಅಂದರು. ರಾತ್ರಿ ಮಲಗಿದಾಗ ಪಾದ ಕೆಳಗೆ ಬಾಗಿ, ಪಟ್ಟಿ ಮುದುರಿಕೊಂಡಿರುತ್ತದಂತೆ. ಮೊದಲ ಹೆಜ್ಜೆ ಅದನ್ನು ಒಮ್ಮೆಗೇ ಜಗ್ಗುತ್ತದೆ. ಹಾಗಾದರೆ ಹೆಜ್ಜೆ ಇಡುವ ಮೊದಲೇ ನಿಧಾನಕ್ಕೆ ಜಗ್ಗಬೇಕು.

ಧನುರ್ಮಾಸದಲ್ಲಿ ಕೆಲಸ ಕಡಿಮೆ, ಆಗಲೇ ಶುರು ಮಾಡಿದೆ. ಮಂಚದ ಮೇಲೆ ಕೂತು ಬಲಗಾಲನ್ನು ಎಡ ತೊಡೆಯ ಮೇಲೆ ಹಾಕಬೇಕು. ಬಲಗೈಯಲ್ಲಿ ಐದೂ ಬೆರಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಹಿಂದಕ್ಕೆ ಎಳೆಯಬೇಕು. ಹತ್ತು ಎಣಿಸಿ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಸರಿಯಾಗಿದೆಯೋ ಇಲ್ಲವೋ ಅಂತ ನೋಡೋಕೆ ಎಡಗೈ ಹೆಬ್ಬೆರಳಿಂದ ಅಂಗಾಲಿನ ಕಮಾನು ಒತ್ತಿ. ತಂಬೂರಿ ತಂತಿಯ ಹಾಗೆ ಬಿಗಿಯಾಗಿ ಕೈಗೆ ಸಿಗಬೇಕು. ಸಿಗದಿದ್ದರೆ ನೀವು ಪಾದ ಎಳೆಯುತ್ತಿದ್ದೀರಿ, ಬೆರಳನ್ನಲ್ಲ.

ನನ್ನ ಮೊದಲ ಎರಡು ವಾರ ಹಾಳಾಯಿತು. ಯಾಕೆ ಗೊತ್ತಾ? ಎದ್ದು ಬಚ್ಚಲಿಗೆ ಹೋಗಿ ಬಂದು ಎಳೆಯುತ್ತಿದ್ದೆ. ಆಗಲೇ ಇಪ್ಪತ್ತು ಹೆಜ್ಜೆ ಆಗಿರುತ್ತದಲ್ಲ! ಆಮೇಲೆ ನೆಲ ಮುಟ್ಟುವ ಮೊದಲೇ ಮಾಡೋಕೆ ಶುರು ಮಾಡಿದೆ, ಎಳೆದು ಮುಗಿಸಿದ ಕಾಲು ಸೀದಾ ಚಪ್ಪಲಿಗೆ. ಹತ್ತು ದಿನದಲ್ಲಿ ಏಳು ಇದ್ದದ್ದು ಐದಾಯಿತು. ಭಾವ ನೋಡಿ ನಕ್ಕರು. "ಬೆರಳು ಎಳೆದರೆ ಹಿಮ್ಮಡಿ ನೋವು ಹೋಗುತ್ತಾ ಮಾರಾಯಾ? ಹಾಗಾದರೆ ಕಿವಿ ಎಳೆದರೆ ಹಲ್ಲುನೋವು ಹೋಗಬೇಕಲ್ಲ!" ನಾನು ಏನೂ ಹೇಳಲಿಲ್ಲ, ಕ್ಯಾಲೆಂಡರ್ ತೋರಿಸಿದೆ.

ಮೀನಖಂಡ ಜಗ್ಗೋಕೆ ಒಂದು ಕಾಲು ಹಿಂದಿಟ್ಟು ಗೋಡೆ ತಳ್ಳುವುದು ಎಲ್ಲರಿಗೂ ಗೊತ್ತು. ಒಂದೇ ಮಾತು ಸೇರಿಸುತ್ತೇನೆ. ಹಿಂದಿನ ಕಾಲಿನ ಮೊಣಕಾಲು ನೆಟ್ಟಗೆ ಇಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಇನ್ನೊಮ್ಮೆ. ಬಗ್ಗಿಸಿದಾಗ ಕೆಳಗಿನ ಸ್ನಾಯುವಿಗೆ ತಾಗುತ್ತದೆ. ನನ್ನ ಬಿಗಿತ ಇದ್ದದ್ದು ಅಲ್ಲೇ. ಅನ್ನ ಬೇಯುವ ಹೊತ್ತಿನಲ್ಲಿ ಮಾಡಿ ಮುಗಿಸುತ್ತಿದ್ದೆ.

ಐದರಿಂದ ಕೆಳಗೆ ಇಳಿಸಿದ್ದು ಬೇರೆ ವ್ಯಾಯಾಮ. ಟವೆಲ್ ಸುರುಳಿ ಸುತ್ತಿ ಬೆರಳ ಕೆಳಗೆ ಇಟ್ಟು, ಬೆರಳು ಪೂರ್ತಿ ಮೇಲಕ್ಕೆ ಬಾಗಿರುವ ಹಾಗೆ ಮೆಟ್ಟಿಲಿನ ಅಂಚಲ್ಲಿ ಒಂಟಿ ಕಾಲಲ್ಲಿ ನಿಲ್ಲೋದು. ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ, ಎರಡು ಎಣಿಸುವಷ್ಟು ಮೇಲೆ ನಿಂತು, ಮೂರು ಎಣಿಸುತ್ತಾ ಇಳಿಸೋದು. ಡೆನ್ಮಾರ್ಕಿನಲ್ಲಿ 48 ಜನರ ಮೇಲೆ ಇದನ್ನು ನೋಡಿದ್ದಾರಂತೆ. ಅರ್ಧ ಜನ ಬೆರಳು ಎಳೆದರು, ಉಳಿದವರು ಹೀಗೆ ಹಿಮ್ಮಡಿ ಎತ್ತಿದರು. ಮೂರು ತಿಂಗಳಿಗೆ ಎತ್ತಿದವರು ಮುಂದೆ, ವರ್ಷದ ಕೊನೆಗೆ ಇಬ್ಬರೂ ಹೆಚ್ಚು ಕಡಿಮೆ ಒಂದೇ. ನನಗೆ ವೈಶಾಖ ಎದುರಿಗಿತ್ತು, ವರ್ಷ ಕಾಯುವಂತಿರಲಿಲ್ಲ. ಎರಡನ್ನೂ ಮಾಡಿದೆ.

ಇಲ್ಲೂ ಎಡವಿದೆ, ಅಕ್ಷರಶಃ. ಹೊಸಿಲ ಮೇಲೆ ನಿಂತರೆ ಮನೆಯವಳು ಬಿಡೋದಿಲ್ಲ, ಅದಕ್ಕೆ ಊಟದ ಮಣೆ ತಂದೆ. ಮಣೆ ಮಗುಚಿ ನಾನು ಹಿತ್ತಲಲ್ಲಿ ಬಿದ್ದೆ. ಆಮೇಲೆ ಹಿತ್ತಲ ಮೆಟ್ಟಿಲು, ಕೈಗೆ ಕಂಬ. ಇನ್ನೊಂದು ತಪ್ಪು, ದಿನಾ ಐವತ್ತು ಸಲ ಸರಸರ ಎತ್ತಿದ್ದು. ವಾರದಲ್ಲಿ ಅಂಕಿ ಏಳಕ್ಕೆ ಹಾರಿತು. ಫಿಸಿಯೋಗೆ ಫೋನ್ ಮಾಡಿದರೆ ಚೆನ್ನಾಗಿ ಬೈದರು. ದಿನ ಬಿಟ್ಟು ದಿನ ಮಾಡಬೇಕು, ಹನ್ನೆರಡರಂತೆ ಮೂರು ಸುತ್ತು ಸಾಕು. ಹನ್ನೆರಡನೆಯದು ಕಷ್ಟಪಟ್ಟು ಬರಬೇಕು. ಸುಲಭವಾದರೆ ಸಲ ಜಾಸ್ತಿ ಮಾಡಬಾರದು, ಭಾರ ಜಾಸ್ತಿ ಮಾಡಬೇಕು. ಹೆಗಲ ಚೀಲಕ್ಕೆ ಐದು ಕಿಲೋ ಸೋನಾ ಮಸೂರಿ ಹಾಕಿದೆ. ಎರಡು ವಾರಕ್ಕೆ ಹತ್ತರಂತೆ ನಾಲ್ಕು ಸುತ್ತು, ಮುಂದಿನ ತಿಂಗಳು ಎಂಟರಂತೆ ಐದು. ಕೊನೆಗೆ ಚೀಲದಲ್ಲಿ ಹನ್ನೆರಡು ಕಿಲೋ ಇತ್ತು ಅಂತ ನೆನಪು. ಮಾಡುವಾಗ ಸ್ವಲ್ಪ ನೋವು ಬರುತ್ತದೆ. ಮಾರನೇ ಬೆಳಗಿನ ಅಂಕಿ ಏರದಿದ್ದರೆ ಮುಂದುವರಿಸುತ್ತಿದ್ದೆ, ಏರಿದರೆ ಒಂದು ಕಿಲೋ ತೆಗೆಯುತ್ತಿದ್ದೆ.

ಅಡುಗೆಮನೆಯ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಅಂಗಾಲಲ್ಲಿ ಉರುಳಿಸಿದೆ, ಹಳೇ ಲಟ್ಟಣಿಗೆಯನ್ನೂ ಉರುಳಿಸಿದೆ. (ಕಾಲಿಗೆ ಬೇರೆ ಲಟ್ಟಣಿಗೆ, ಹೆದರಬೇಡಿ.) ಕೆಲಸ ಮುಗಿದ ಸಂಜೆಗೆ ಬಾಟಲಿ ಒಳ್ಳೆಯದು. ಲಟ್ಟಣಿಗೆಯನ್ನು ನೋವಿನ ಜಾಗಕ್ಕೇ ಒತ್ತಿದರೆ ಮಾರನೇ ದಿನ ಜಾಸ್ತಿಯಾಗುತ್ತದೆ. ಒಲೆ ಮುಂದೆ ಗೋಣಿ ಮಡಿಸಿ ಹಾಕಿಕೊಂಡೆ, ಎಣ್ಣೆ ಬಿದ್ದು ಜಾರಿತು, ಬಿಟ್ಟೆ. ಈಗ ಮಡಿಯಲ್ಲೂ ನಡೆಯುವ ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದು ಹೇಳೋದಿಲ್ಲ. ಹೇಳಿದರೆ ಪಕ್ಕದ ಊರಿನ ಗುತ್ತಿಗೆಯವರು ನಾಳೆಯೇ ಮಾಡುತ್ತಾರೆ. ಕಾಲಿಗೆ ಹೊರಗಿಂದ ಪಟ್ಟಿ ಸುತ್ತುವ ಕ್ರಮವೂ ಒಂದಿದೆ, ಬರೆದರೆ ತಪ್ಪಾಗುತ್ತದೆ, ಎದುರಿಗೆ ಬಂದರೆ ತೋರಿಸುತ್ತೇನೆ.

ಎಲ್ಲ ಹಿಮ್ಮಡಿ ನೋವೂ ಇದೇ ಅಲ್ಲ. ನಮ್ಮ ಬಡಿಸುವ ಹುಡುಗನೊಬ್ಬನಿಗೆ ಬೆಳಗ್ಗೆ ಆರಾಮ, ಸಂಜೆಗೆ ಉರಿ, ಜೋಮು. ನನ್ನ ವ್ಯಾಯಾಮ ಮಾಡಿಸಿ ಎರಡು ವಾರ ಹಾಳು ಮಾಡಿದೆ. ಅವನದು ನರದ ತೊಂದರೆ. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಹಿಸುಕಿದಾಗ ಜೀವ ಹೋಗುವಂತಾದರೆ ಮೂಳೆಯಲ್ಲಿ ಬಿರುಕು ಇರಬಹುದು. ಅದಕ್ಕೆ ಅಕ್ಕಿ ಚೀಲ ಹೊತ್ತು ನಿಂತರೆ ಕೆಟ್ಟಿತು. ಚಿಕ್ಕ ವಯಸ್ಸಿಗೆ ಎರಡೂ ಹಿಮ್ಮಡಿ ನೋವು, ಬೆಳಗ್ಗೆ ಸೊಂಟವೂ ಹಿಡಿದುಕೊಳ್ಳುತ್ತದೆ ಅಂದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ.

ನನ್ನ ಲೆಕ್ಕ ಹೀಗಾಯಿತು. ಸಂಕ್ರಾಂತಿಗೆ ಐದು, ಶಿವರಾತ್ರಿ ಹೊತ್ತಿಗೆ ಮೂರು, ಯುಗಾದಿಗೆ ಎರಡು. ಗೋಡೆಯಿಂದ ಬಲಗಾಲು ನಾಲ್ಕೂವರೆ ಬೆರಳು. ವೈಶಾಖದ ಹನ್ನೊಂದು ಮದುವೆಯಲ್ಲಿ ಒಂದೇ ದಿನ ನಾಲ್ಕು ಬರೆದಿದ್ದೇನೆ. ಹಿಂದಿನ ದಿನ ಸಾವಿರದ ಇನ್ನೂರು ಎಲೆ ಊಟ ಇತ್ತು, ರಾತ್ರಿ ಬೆರಳು ಎಳೆಯದೆ ಮಲಗಿದ್ದೆ. ಈಗಲೂ ಸತತ ಎರಡು ಕೆಲಸ ಬಿದ್ದರೆ ಕ್ಯಾಲೆಂಡರಿನಲ್ಲಿ ಒಂದು ಅನ್ನೋ ಅಂಕಿ ಕಾಣಿಸಿಕೊಳ್ಳುತ್ತದೆ. ಅಕ್ಕಿ ಚೀಲ ವಾರಕ್ಕೆ ಎರಡು ಸಲ ಇಳಿಯುತ್ತದೆ.

ಭಾವನಿಗೆ ಹೋದ ತಿಂಗಳಿಂದ ಎಡ ಹಿಮ್ಮಡಿ. ಕಲ್ಯಾಣಮಂಟಪದಲ್ಲಿ ಬೆಳಗಿನ ಜಾವ ಮೂರಕ್ಕೆ ದೀಪ ಹಾಕಿದರೆ ಚಾಪೆ ಮೇಲೆ ಕಾಲು ಮಡಿಸಿ ಕೂತಿದ್ದರು, ಬೆರಳು ಹಿಡಿದು ಎಣಿಸುತ್ತಾ. ನನ್ನನ್ನು ನೋಡಿ, "ಏಳನೇದು, ಮಾತಾಡಿಸಬೇಡ" ಅಂದರು.