ಬೆಟ್ ಲೆಕ್ಕದ ಶೀಟ್: ಆರ್‌ಒಐ ಮತ್ತು ಡ್ರಾಡೌನ್ ತಾನಾಗಿ ಬರುವಂತೆ ನಾನು ಕಟ್ಟಿದ ಬಗೆ

ಗೆದ್ದದ್ದು, ಸೋತದ್ದು ಎಂದು ಬರೆದಿಡುವ ಕಾಲಂ ನನ್ನ ಶೀಟಿನಲ್ಲಿ ಇಲ್ಲ. ಅದರ ಬದಲು ಬೆಟ್ ಮುಗಿದಾಗ ಕೈಗೆ ಮರಳಿದ ಹಣವನ್ನು ಬರೆಯುತ್ತೇನೆ. ಅರ್ಧ ಗೆಲುವು, ರದ್ದಾದ ಪಂದ್ಯ, ನಡುವೆಯೇ ಕ್ಯಾಶ್‌ಔಟ್ ಮಾಡಿದ್ದು ಯಾವುದಕ್ಕೂ ಆಗ ಬೇರೆ ಫಾರ್ಮುಲಾ ಬೇಕಿಲ್ಲ.

ಕೈಯಿಂದ ತುಂಬುವುದು ಆರು ಕಾಲಂ: A ಬೆಟ್ ಹಾಕಿದ ದಿನ, B ಇತ್ಯರ್ಥವಾದ ದಿನ, C ಪಂದ್ಯ, D ದಶಮಾಂಶ ಆಡ್ಸ್, E ಕಟ್ಟಿದ ಹಣ, F ಮರಳಿದ ಹಣ. ಶುರುವಿನ ಮೂಲ ಹಣ M1ರಲ್ಲಿ. ಉಳಿದ ನಾಲ್ಕು ಕಾಲಂ, ಅಂದರೆ ಲಾಭ, ಬಾಕಿ, ಶಿಖರ, ಡ್ರಾಡೌನ್, ಶೀಟಿನ ಕೆಲಸ. ಇವನ್ನು ಎರಡನೇ ಸಾಲಿನಲ್ಲಿ ಹಾಕಿ 1000ನೇ ಸಾಲಿನವರೆಗೆ ಎಳೆದರಾಯಿತು:

```
G2: =IF(F2="","",F2-E2)
H2: =IF(F2="","",$M$1+SUM(G$2:G2))
I2: =IF(F2="","",MAX($M$1,H$2:H2))
J2: =IF(F2="","",1-H2/I2)
```

F ಖಾಲಿ ಇದ್ದರೆ ಬೆಟ್ ಇನ್ನೂ ಇತ್ಯರ್ಥವಾಗಿಲ್ಲ ಎಂದರ್ಥ; 0 ಇದ್ದರೆ ಸೋತಿದೆ. ಸೋತ ಬೆಟ್ಟಿಗೆ 0 ಹಾಕದೆ ಬಿಟ್ಟರೆ ಯಾವ ಎರರ್ ಕೂಡ ಬರುವುದಿಲ್ಲ, ನಷ್ಟ ಮಾತ್ರ ಲೆಕ್ಕದಿಂದ ಮಾಯವಾಗುತ್ತದೆ. ಹಾಗಾಗಿ B ತುಂಬಿದ್ದು F ಖಾಲಿ ಇರುವ ಸಾಲು ಕೆಂಪಾಗುವಂತೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿಟ್ಟಿದ್ದೇನೆ.

ಬಾಕಿಯನ್ನು H1+G2 ಎಂದು ಹಿಂದಿನ ಸಾಲಿಗೆ ಕೂಡಿಸುತ್ತ ಹೋಗುವುದು ಸುಲಭವೆನಿಸುತ್ತದೆ. ಆದರೆ H1ರಲ್ಲಿ ಇರುವುದು ಶೀರ್ಷಿಕೆಯ ಅಕ್ಷರ, ಇತ್ಯರ್ಥವಾಗದ ಸಾಲಿನಲ್ಲಿ ಇರುವುದು ಖಾಲಿ ಪಠ್ಯ. ಅವಕ್ಕೆ ಸಂಖ್ಯೆ ಕೂಡಿಸಿದರೆ #VALUE! ಬಂದು ಕೆಳಗಿನವರೆಗೂ ಹರಡುತ್ತದೆ. SUM ಪಠ್ಯವನ್ನು ಬಿಟ್ಟು ಸಂಖ್ಯೆಗಳನ್ನಷ್ಟೇ ಕೂಡಿಸುತ್ತದೆ. ಶಿಖರದ ಫಾರ್ಮುಲಾದಲ್ಲಿ M1 ಇರಲೇಬೇಕು. ಇಲ್ಲದಿದ್ದರೆ ಮೊದಲ ಬೆಟ್ ಸೋತಾಗ ಸೋತ ನಂತರದ ಬಾಕಿಯೇ ಶಿಖರವಾಗಿ, ಡ್ರಾಡೌನ್ ಸೊನ್ನೆ ಎಂದು ತೋರಿಸುತ್ತದೆ.

ಒಟ್ಟು ಲೆಕ್ಕ ಬಲಗಡೆಯ ಮೂರು ಸೆಲ್‌ಗಳಲ್ಲಿ:

```
M2: =SUMPRODUCT((F2:F1000<>"")*(F2:F1000<>E2:E1000)*E2:E1000)
M3: =IF(M2=0,"",SUM(G2:G1000)/M2)
M4: =MAX(J2:J1000)
```

M2 ಒಟ್ಟು ವಹಿವಾಟು, M3 ಆರ್‌ಒಐ, M4 ಈವರೆಗಿನ ಅತಿ ದೊಡ್ಡ ಡ್ರಾಡೌನ್. ಮೂಲ ಹಣ 1000 ಯೂನಿಟ್ ಎಂದಿಟ್ಟುಕೊಳ್ಳಿ. 20 ಕಟ್ಟಿ ಸೋತರೆ ಬಾಕಿ 980. 1.90ರ ಆಡ್ಸ್‌ಗೆ 20 ಕಟ್ಟಿ ಗೆದ್ದರೆ 38 ಮರಳಿ 998. 2.40ಕ್ಕೆ 25 ಕಟ್ಟಿ ಗೆದ್ದರೆ 60 ಮರಳಿ 1033; ಇದೇ ಹೊಸ ಶಿಖರ. ಆಮೇಲೆ 20 ಸೋಲು, 20ರ ಇನ್ನೊಂದು ಬೆಟ್ ರದ್ದಾಗಿ ಅಷ್ಟೇ ವಾಪಸ್, ಕೊನೆಗೆ 30 ಸೋಲು. ಬಾಕಿ 983ಕ್ಕೆ ನಿಲ್ಲುತ್ತದೆ. ಶಿಖರದಿಂದ 50 ಇಳಿದಿದೆ, ಡ್ರಾಡೌನ್ 4.84%.

ಒಟ್ಟು ನಷ್ಟ 17. ರದ್ದಾದದ್ದನ್ನು ಬಿಟ್ಟರೆ ವಹಿವಾಟು 115, ಆರ್‌ಒಐ −14.8%. ರದ್ದಾದ 20ನ್ನೂ ಸೇರಿಸಿದರೆ −12.6%. ಮೂಲ ಹಣಕ್ಕೆ ಹೋಲಿಸಿದರೆ ಬರೀ −1.7%. ಮೂರೂ ಗಣಿತವಾಗಿ ಸರಿಯೇ, ಆದರೆ ಮೂರನೆಯದು ಬೆಟ್ಟಿಂಗ್ ಗುಣಮಟ್ಟದ ಬಗ್ಗೆ ಏನೂ ಹೇಳುವುದಿಲ್ಲ. ಮೂಲ ಹಣ ಎಷ್ಟು ಎಂದು ಬರೆದುಕೊಂಡೆವೋ ಅದರ ಮೇಲೆ ಬದಲಾಗುತ್ತದೆ. ಅಪಾಯಕ್ಕೆ ಒಡ್ಡಿಕೊಳ್ಳದ ಹಣವನ್ನು ಛೇದದಲ್ಲಿ ಇಡಬಾರದೆಂದು ನಾನು ಮೊದಲನೆಯದನ್ನೇ ಬಳಸುತ್ತೇನೆ. ಫ್ರೀ ಬೆಟ್‌ಗಳಿಗಂತೂ ಬೇರೆ ಶೀಟ್: ಕಟ್ಟಿದ ಹಣ ಸೊನ್ನೆಯಾಗಿ ಲಾಭ ಮಾತ್ರ ಸೇರಿದರೆ ಆರ್‌ಒಐ ಉಬ್ಬಿಹೋಗುತ್ತದೆ.

ಡ್ರಾಡೌನ್ ಅನ್ನು ನಿಜಕ್ಕೂ ಕೆಡಿಸುವುದು ಸಾಲುಗಳ ಕ್ರಮ. ಟೂರ್ನಿ ಗೆಲ್ಲುವವರ ಮೇಲಿನ ಬೆಟ್ಟನ್ನು ಹಾಕಿದ ದಿನದ ಸಾಲಿನಲ್ಲೇ ಬಿಟ್ಟು, ಎರಡು ತಿಂಗಳ ನಂತರ ಅಲ್ಲೇ 0 ಹಾಕಿದರೆ ಆ ನಷ್ಟ ಹಿಂದಿನ ದಿನಾಂಕಕ್ಕೆ ಹೋಗಿ ಕೂರುತ್ತದೆ. ಕೆಳಗಿನ ಎಲ್ಲ ಬಾಕಿ, ಶಿಖರಗಳು ಬದಲಾಗುತ್ತವೆ. ಅದಕ್ಕೇ B ಕಾಲಂ. A2ರಿಂದ F ಕೊನೆಯವರೆಗೆ ಮಾತ್ರ ಆಯ್ದು B ಪ್ರಕಾರ ಏರಿಕೆ ಕ್ರಮದಲ್ಲಿ ಸಾರ್ಟ್ ಮಾಡಿದರೆ ಇತ್ಯರ್ಥವಾಗದ ಬೆಟ್‌ಗಳು ತಳಕ್ಕೆ ಇಳಿಯುತ್ತವೆ. G ಇಂದ J ವರೆಗಿನದನ್ನು ಆಯ್ಕೆಯಲ್ಲಿ ಸೇರಿಸಬಾರದು, ಫಾರ್ಮುಲಾಗಳು ಇದ್ದಲ್ಲೇ ಇರಬೇಕು.

ಹಣ ತೆಗೆದದ್ದು, ಹಾಕಿದ್ದು ಈ ಶೀಟಿಗೆ ಬರಕೂಡದು. 200 ಯೂನಿಟ್ ಹಿಂತೆಗೆದದ್ದು ಬಾಕಿಯಲ್ಲಿ ಸೇರಿದರೆ ಸೋಲಿನಂತೆಯೇ ಡ್ರಾಡೌನ್ ಆಗಿ ಕಾಣುತ್ತದೆ.

M3ಯನ್ನು ಎಷ್ಟು ನಂಬಬಹುದು ಎಂಬುದಕ್ಕೆ ಒಂದು ಒರಟು ಅಳತೆ: 2.00ರ ಆಸುಪಾಸಿನ ಆಡ್ಸ್‌ಗೆ ಸಮಮೊತ್ತದ 100 ಬೆಟ್ ಹಾಕಿದರೆ ಅದೃಷ್ಟವೊಂದೇ ಆರ್‌ಒಐಯನ್ನು ಸುಮಾರು 10 ಶೇಕಡಾ ಅಂಶ ಮೇಲೆ ಕೆಳಗೆ ತೂಗಾಡಿಸುವುದು ಸಾಮಾನ್ಯ. ಅದು ಅರ್ಧಕ್ಕೆ ಇಳಿಯಲು 400 ಬೇಕು. M4 ಬಗ್ಗೆ ಇಷ್ಟು ನೆನಪಿದ್ದರೆ ಸಾಕು: ಅದು ಎಂದೂ ಇಳಿಯುವ ಸಂಖ್ಯೆಯಲ್ಲ, ಬೆಟ್ ಹೆಚ್ಚಿದಂತೆ ಇದ್ದಲ್ಲೇ ಇರುತ್ತದೆ ಅಥವಾ ಏರುತ್ತದೆ.